ಫೋಟೊಗಳನ್ನು 20 ವರ್ಷ ಕಾಪಾಡುವುದು ಹೇಗೆ: ಪೆನ್ ಡ್ರೈವ್, ಹಾರ್ಡ್ ಡಿಸ್ಕ್, ಡಿಸ್ಕ್‌ಗಳ ಆಯಸ್ಸು ಮತ್ತು ಒಂದು ಸಮಗ್ರ ಮಾರ್ಗದರ್ಶಿ

2015ರಲ್ಲಿ ನಾನು ಮನೆಯವರ ಒಂದಷ್ಟು ಫೋಟೊಗಳನ್ನು ಪೆನ್ ಡ್ರೈವ್‌ಗೆ ತುಂಬಿಸಿ ಮೇಜಿನ ಡ್ರಾಯರ್‌ನಲ್ಲಿ ಇಟ್ಟಿದ್ದೆ. ಐದು ವರ್ಷ ಅದನ್ನು ಮುಟ್ಟಲಿಲ್ಲ. 2020ರಲ್ಲಿ ತೆಗೆದು ಚುಚ್ಚಿದಾಗ ಎಲ್ಲ ಸರಿಯಾಗಿಯೇ ಕಂಡಿತು. ಫೋಲ್ಡರ್‌ಗಳು ಇದ್ದವು, ಚಿಕ್ಕ ಚಿಕ್ಕ ಚಿತ್ರಗಳೂ ಸಾಲಾಗಿ ಕಾಣುತ್ತಿದ್ದವು. ಒಂದನ್ನು ತೆರೆದೆ. ಅಕ್ಕನ ಮಗಳ ಮುಖ ಮೂಗಿನವರೆಗೆ ಇದೆ, ಅದರ ಕೆಳಗೆ ಬರೀ ಬೂದು ಬಣ್ಣ. ಇನ್ನೊಂದನ್ನು ತೆರೆದರೆ ಅದು ತೆರೆಯಲೇ ಇಲ್ಲ.

ಚಿಕ್ಕ ಚಿತ್ರ ಚೆನ್ನಾಗಿದ್ದು ದೊಡ್ಡದು ಹಾಳಾಗಿದ್ದು ಹೇಗೆ? ಕ್ಯಾಮೆರಾ ತೆಗೆದ ಜೆಪೆಗ್ ಫೈಲ್‌ನ ಆರಂಭದಲ್ಲೇ ಒಂದು ಪುಟ್ಟ ಚಿತ್ರ ಬೇರೆಯಾಗಿ ಕೂತಿರುತ್ತದೆ. ಕಂಪ್ಯೂಟರ್ ಪಟ್ಟಿಯಲ್ಲಿ ತೋರಿಸುವುದು ಎಷ್ಟೋ ಸಲ ಅದನ್ನೇ. ಅದು ಉಳಿದಿತ್ತು, ಮುಂದಿನ ಭಾಗ ಹೋಗಿತ್ತು. ಹಾಗಾಗಿ ಫೋಲ್ಡರ್ ತೆರೆದು ಕಣ್ಣಾಡಿಸಿ "ಎಲ್ಲ ಇದೆ" ಅಂದುಕೊಳ್ಳುವುದು ಪರೀಕ್ಷೆಯೇ ಅಲ್ಲ.

ಆ ನಂತರ ನಾನು 2003ರಿಂದ 2020ರವರೆಗಿನ ಫೋಟೊ, ವಿಡಿಯೊಗಳನ್ನು ಒಟ್ಟುಮಾಡಿದೆ. 62 ಜಿಬಿ ಆಯಿತು. ಅದನ್ನು 20 ವರ್ಷ ಉಳಿಸಲು ಏನು ಮಾಡಿದೆ, ಯಾಕೆ ಹಾಗೆ ಮಾಡಿದೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನಿಮ್ಮದು ಜಾಸ್ತಿ ಇದ್ದರೂ ಕಡಿಮೆ ಇದ್ದರೂ ಕ್ರಮ ಇದೇ.

## ಮೊದಲು: ಯಾವುದು ಹೇಗೆ ಸಾಯುತ್ತದೆ

"ಇದು ಎಷ್ಟು ವರ್ಷ ಬಾಳುತ್ತದೆ?" ಎಂದು ಎಲ್ಲರೂ ಕೇಳುತ್ತಾರೆ. "ಇದು ಹೇಗೆ ಸಾಯುತ್ತದೆ?" ಎಂದು ಕೇಳಿದರೆ ಉಪಯೋಗ ಜಾಸ್ತಿ. ಮೂರೂ ಸಾಯುವ ರೀತಿ ಬೇರೆ ಬೇರೆ. ಯಾವುದನ್ನು ಎಲ್ಲಿ ಬಳಸಬೇಕು ಎಂಬುದು ಅದರಿಂದಲೇ ಗೊತ್ತಾಗುತ್ತದೆ.

### ಪೆನ್ ಡ್ರೈವ್: ಸದ್ದಿಲ್ಲದೆ ಜಿನುಗುತ್ತದೆ

ಪೆನ್ ಡ್ರೈವ್ ಒಳಗೆ ಕೋಟಿಗಟ್ಟಲೆ ಪುಟ್ಟ ಸೆಲ್‌ಗಳಿವೆ. ಪ್ರತಿ ಸೆಲ್‌ನಲ್ಲಿ ಒಂದಿಷ್ಟು ಎಲೆಕ್ಟ್ರಾನ್‌ಗಳನ್ನು ಕೂಡಿಹಾಕಿರುತ್ತಾರೆ. ಸುತ್ತ ತೆಳ್ಳನೆಯ ನಿರೋಧಕ ಪದರ ಇರುತ್ತದೆ. ಮಣ್ಣಿನ ಮಡಕೆಯಲ್ಲಿ ನೀರು ಇಟ್ಟ ಹಾಗೆ ಅಂದುಕೊಳ್ಳಿ. ಮಡಕೆ ಒಡೆದಿಲ್ಲ, ಆದರೂ ಒಂದೊಂದೇ ಹನಿ ಜಿನುಗುತ್ತಲೇ ಇರುತ್ತದೆ.

ಇಂಥ ಸೆಲ್‌ಗಳ ಚಿಪ್‌ಗೆ ಫ್ಲ್ಯಾಶ್ ಎನ್ನುತ್ತಾರೆ. ಹಳೆಯ ಫ್ಲ್ಯಾಶ್‌ನಲ್ಲಿ ಒಂದು ಸೆಲ್‌ಗೆ ಒಂದೇ ಬಿಟ್. ಮಡಕೆ ತುಂಬಿದೆಯೋ ಖಾಲಿಯೋ ಎಂದು ನೋಡಿದರೆ ಸಾಕಿತ್ತು. ಈಗ ಅಷ್ಟೇ ಜಾಗದಲ್ಲಿ ಜಾಸ್ತಿ ತುಂಬಿಸಲು ಒಂದು ಸೆಲ್‌ನಲ್ಲಿ ಮೂರು ಬಿಟ್ ಇಡುತ್ತಾರೆ. ಅಂದರೆ ಒಂದೇ ಮಡಕೆಯಲ್ಲಿ ನೀರಿನ ಎಂಟು ಮಟ್ಟಗಳನ್ನು ಗುರುತಿಸಬೇಕು. ನಾಲ್ಕು ಬಿಟ್ ಆದರೆ ಹದಿನಾರು ಮಟ್ಟ. ಸ್ವಲ್ಪ ನೀರು ಇಳಿದರೂ ಐದನೇ ಗೆರೆ ನಾಲ್ಕನೆಯದಾಗಿ ಕಾಣುತ್ತದೆ.

ಒಳಗಿನ ಕಂಟ್ರೋಲರ್ ಇಂಥ ತಪ್ಪುಗಳನ್ನು ಒಂದು ಮಿತಿಯವರೆಗೆ ಸರಿಪಡಿಸುತ್ತದೆ. ನಮಗೆ ಏನೂ ಗೊತ್ತಾಗುವುದಿಲ್ಲ. ಮಿತಿ ದಾಟಿದ ದಿನ ಆ ತುಂಡು ಪೂರ್ತಿ ಕೈತಪ್ಪುತ್ತದೆ. ಪೆನ್ ಡ್ರೈವ್‌ನ ದೊಡ್ಡ ತೊಂದರೆ ಇದೇ. ಮುನ್ಸೂಚನೆ ಕೊಡುವುದಿಲ್ಲ, ಒಳಗಿನ ಆರೋಗ್ಯ ನೋಡಲು ಬಹುತೇಕ ಪೆನ್ ಡ್ರೈವ್‌ಗಳಲ್ಲಿ ದಾರಿಯೂ ಇಲ್ಲ.

ಜಿನುಗುವಿಕೆಯನ್ನು ಜಾಸ್ತಿ ಮಾಡುವುದು ಎರಡು. ಒಂದು ಬಿಸಿ. ಇನ್ನೊಂದು ಸವೆತ, ಅಂದರೆ ಎಷ್ಟು ಸಲ ಬರೆದು ಅಳಿಸಿದ್ದೀರಿ ಎಂಬುದು. ಕಂಪ್ಯೂಟರ್‌ಗಳಲ್ಲಿ ಬಳಸುವ, ಇದೇ ಫ್ಲ್ಯಾಶ್ ಚಿಪ್‌ಗಳಿರುವ ಎಸ್‌ಎಸ್‌ಡಿಗಳಿಗೆ ಜೆಡೆಕ್ ಎಂಬ ಸಂಸ್ಥೆಯ ಮಾನದಂಡವಿದೆ. ತನ್ನ ಬರೆಯುವ ಆಯಸ್ಸನ್ನೆಲ್ಲ ಮುಗಿಸಿದ ಎಸ್‌ಎಸ್‌ಡಿ, ಕರೆಂಟ್ ಇಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಹಿಡಿದಿಟ್ಟುಕೊಂಡರೆ ಪಾಸು. ಹೊಸದು ಇದಕ್ಕಿಂತ ಎಷ್ಟೋ ಹೆಚ್ಚು ಹಿಡಿಯುತ್ತದೆ, ನಿಜ. ಆದರೆ ಪೆನ್ ಡ್ರೈವ್‌ಗೆ ಈ ಮಾನದಂಡವೂ ಅನ್ವಯಿಸುವುದಿಲ್ಲ. ಎಷ್ಟೋ ಅಗ್ಗದ ಪೆನ್ ಡ್ರೈವ್‌ಗಳಲ್ಲಿ ಕೆಳದರ್ಜೆಯ ಚಿಪ್‌ಗಳು ಇರುತ್ತವೆ.

ಹಾಗಾಗಿ ನನ್ನ ತೀರ್ಮಾನ ಸ್ಪಷ್ಟ. ಪೆನ್ ಡ್ರೈವ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಲು ಮಾತ್ರ, ಕಾಪಾಡಲು ಅಲ್ಲ. ಸದ್ಯಕ್ಕೆ ಬೇರೆ ದಾರಿಯೇ ಇಲ್ಲ ಅಂದರೆ ವರ್ಷಕ್ಕೊಮ್ಮೆ ಎಲ್ಲವನ್ನೂ ಕಂಪ್ಯೂಟರ್‌ಗೆ ಹಾಕಿಕೊಳ್ಳಿ, ಡ್ರೈವ್ ಫಾರ್ಮ್ಯಾಟ್ ಮಾಡಿ, ಮತ್ತೆ ಬರೆಯಿರಿ. ಸುಮ್ನೆ ಚುಚ್ಚಿ ತೆಗೆದರೆ ಮಡಕೆ ತುಂಬುತ್ತದೆ ಎಂಬ ಭರವಸೆ ಇಲ್ಲ. ಹೊಸದಾಗಿ ಬರೆದಾಗಲೇ ಅದು ತುಂಬುವುದು.

### ಹಾರ್ಡ್ ಡಿಸ್ಕ್: ಡೇಟಾ ಇರುತ್ತದೆ, ಯಂತ್ರ ನಿಲ್ಲುತ್ತದೆ

ಹಾರ್ಡ್ ಡಿಸ್ಕ್‌ನ ತಟ್ಟೆಯ ಮೇಲಿನ ಕಾಂತೀಯ ಗುರುತುಗಳು ಅಷ್ಟು ಬೇಗ ಅಳಿಯುವುದಿಲ್ಲ. ಹತ್ತು ವರ್ಷ ದಾಟಿದರೂ ಗುರುತು ಹಾಗೆಯೇ ಇರುವುದು ಸಾಮಾನ್ಯ. ಕೈಕೊಡುವುದು ಅದರ ಸುತ್ತಲಿನ ಯಂತ್ರ. ತಿರುಗುವ ಮೋಟರ್, ಅದರ ಬೇರಿಂಗ್‌ನ ಎಣ್ಣೆ, ಓದುವ ಹೆಡ್, ಸರ್ಕ್ಯೂಟ್ ಬೋರ್ಡ್, ಇವುಗಳಲ್ಲಿ ಯಾವುದು ಕೆಟ್ಟರೂ ಡಿಸ್ಕ್‌ನಲ್ಲಿರುವ ಎಲ್ಲವೂ ಒಂದೇ ದಿನ ಕೈತಪ್ಪುತ್ತದೆ. ಕೈಜಾರಿ ಬಿದ್ದರಂತೂ ಹೇಳುವುದೇ ಬೇಡ.

ದಿನವೂ ಓಡುವ ಡಿಸ್ಕ್‌ಗೆ ಮೂರರಿಂದ ಐದು ವರ್ಷ ಎಂದು ಲೆಕ್ಕ ಇಟ್ಟುಕೊಳ್ಳುವುದು ಕ್ಷೇಮ. ಎಷ್ಟೋ ಡಿಸ್ಕ್‌ಗಳು ಅದಕ್ಕಿಂತ ಹೆಚ್ಚು ಬಾಳುತ್ತವೆ. ಕಪಾಟಿನಲ್ಲಿ ಸುಮ್ನೆ ಇಟ್ಟ ಡಿಸ್ಕ್ ಸವೆಯುವುದಿಲ್ಲ, ಆದರೆ ಅದಕ್ಕೂ ವಯಸ್ಸಾಗುತ್ತದೆ. ವರ್ಷಗಟ್ಟಲೆ ತಿರುಗದ ಡಿಸ್ಕ್ ಒಂದು ದಿನ ತಿರುಗಲು ಒಪ್ಪದಿರಬಹುದು.

ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. ಜೇಬಿನಲ್ಲಿ ಹಿಡಿಸುವ ಎಷ್ಟೋ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಯುಎಸ್‌ಬಿ ಕಿಂಡಿಯನ್ನು ಡಿಸ್ಕ್‌ನ ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ಆ ಕಿಂಡಿ ಸಡಿಲವಾದರೆ ಡಿಸ್ಕ್ ಬಿಚ್ಚಿ ನೇರವಾಗಿ ಕಂಪ್ಯೂಟರ್‌ಗೆ ಜೋಡಿಸಲು ಆಗುವುದಿಲ್ಲ. ಅದಕ್ಕೇ ಕಾಪಿಡಲು ನಾನು ಸಾಟಾ ಕಿಂಡಿಯ ಹಾರ್ಡ್ ಡಿಸ್ಕ್ ಮತ್ತು ಅದನ್ನು ಕಂಪ್ಯೂಟರ್‌ಗೆ ಜೋಡಿಸುವ ಒಂದು ಯುಎಸ್‌ಬಿ ಡಾಕ್ ಬೇರೆ ಬೇರೆಯಾಗಿ ಕೊಳ್ಳುತ್ತೇನೆ. ಡಾಕ್ ಕೆಟ್ಟರೆ ಇನ್ನೊಂದು ಡಾಕ್ ಸಾಕು.

ಹಾರ್ಡ್ ಡಿಸ್ಕ್‌ನ ಒಳ್ಳೆಯ ಗುಣ ಅಂದರೆ ಎಷ್ಟೋ ಸಲ ಸಾಯುವ ಮೊದಲು ಸುಳಿವು ಕೊಡುತ್ತದೆ. ಅದನ್ನು ಮುಂದೆ ನೋಡೋಣ.

### ಬರೆಯುವ ಡಿಸ್ಕ್: ನಿಧಾನವಾಗಿ ಮಸುಕಾಗುತ್ತದೆ

ಸಿಡಿ, ಡಿವಿಡಿ, ಬ್ಲೂ-ರೇ ಮೂರರಲ್ಲೂ ಮುಖ್ಯ ಪ್ರಶ್ನೆ ಒಂದೇ: ಗುರುತು ಬೀಳುವ ಪದರ ಯಾವುದರಿಂದ ಆಗಿದೆ? ಬರೆಯುವ ಸಿಡಿ ಮತ್ತು ಡಿವಿಡಿಗಳಲ್ಲಿ ಅದು ಸಾವಯವ ಬಣ್ಣ. ಬಟ್ಟೆಯ ಬಣ್ಣ ಬಿಸಿಲಿಗೆ ಮಾಸುವ ಹಾಗೆ ಇದೂ ಬೆಳಕು, ಬಿಸಿ, ತೇವಕ್ಕೆ ಮಾಸುತ್ತದೆ. ಒಳ್ಳೆಯ ಗುಣಮಟ್ಟದ್ದು ದಶಕಗಳು ಉಳಿದದ್ದಿದೆ, ಕೆಟ್ಟದ್ದು ಕೆಲವೇ ವರ್ಷಗಳಲ್ಲಿ ಓದದೆ ಹೋದದ್ದೂ ಇದೆ.

ಬರೆಯುವ ಬ್ಲೂ-ರೇ, ಅಂದರೆ ಬಿಡಿ-ಆರ್, ಹೆಚ್ಚಾಗಿ ಬೇರೆ ಜಾತಿ. ಅದರಲ್ಲಿ ಬಣ್ಣದ ಬದಲು ಲೋಹದಂಥ ನಿರವಯವ ಪದರ ಇರುತ್ತದೆ. ಬೆಳಕಿಗೆ ಅದು ಬಣ್ಣದಷ್ಟು ಹೆದರುವುದಿಲ್ಲ. ಆದರೆ ಪೊಟ್ಟಣದ ಮೇಲೆ ಎಲ್‌ಟಿಎಚ್ ಎಂದು ಬರೆದಿದ್ದರೆ ಅದು ಮತ್ತೆ ಸಾವಯವ ಬಣ್ಣದ್ದು, ಕೊಳ್ಳಬೇಡಿ. ಎಂ-ಡಿಸ್ಕ್ ಎಂಬುದು ಕಾಪಿಡುವುದಕ್ಕೆಂದೇ ಮಾಡಿದ್ದು, ಸಾವಿರ ವರ್ಷ ಬಾಳುತ್ತದೆ ಎಂದು ತಯಾರಕರು ಹೇಳಿಕೊಂಡಿದ್ದಾರೆ. ಆ ಸಂಖ್ಯೆ ಬಂದಿರುವುದು ಬಿಸಿ, ತೇವದಲ್ಲಿ ಡಿಸ್ಕನ್ನು ಬೇಗ ಮುದಿಯಾಗಿಸಿ ಮಾಡಿದ ಲೆಕ್ಕಾಚಾರದಿಂದ. ಡಿಸ್ಕ್ ಅಷ್ಟು ಕಾಲ ಉಳಿದರೂ ಓದುವ ಡ್ರೈವ್ ಉಳಿಯಬೇಕಲ್ವಾ? ಸೋನಿ 2025ರ ಫೆಬ್ರವರಿಯಲ್ಲಿ ಬರೆಯುವ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಯನ್ನೇ ನಿಲ್ಲಿಸಿತು. ಬೇರೆಯವರ ಡಿಸ್ಕ್‌ಗಳು ಸಿಗುತ್ತಿವೆ, ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಕಾಣುತ್ತದೆ.

ಇಷ್ಟಾದರೂ ನಾನು ಡಿಸ್ಕ್ ಬಿಡದಿರಲು ಕಾರಣವಿದೆ. ಒಮ್ಮೆ ಬರೆದ ಬಿಡಿ-ಆರ್ ಅನ್ನು ಯಾರೂ ಅಳಿಸಲಾರರು. ಮಗು ಕೀಲಿ ಒತ್ತಿದರೂ, ವೈರಸ್ ಬಂದರೂ, ನಾನೇ ತಪ್ಪಾಗಿ ಡಿಲೀಟ್ ಮಾಡಲು ಹೋದರೂ ಅದರ ಮೇಲೆ ಏನೂ ನಡೆಯುವುದಿಲ್ಲ. ಡಿಸ್ಕ್‌ನಲ್ಲಿ ಮೋಟರ್ ಇಲ್ಲ, ಬೋರ್ಡ್ ಇಲ್ಲ. ಡ್ರೈವ್ ಕೆಟ್ಟರೆ ಇನ್ನೊಂದು ಡ್ರೈವ್‌ನಲ್ಲಿ ಓದಬಹುದು.

ನನ್ನ ಯೋಜನೆ ಇದರಿಂದಲೇ ಹುಟ್ಟಿತು: ಎರಡು ಹಾರ್ಡ್ ಡಿಸ್ಕ್, ಒಂದು ಸೆಟ್ ಬಿಡಿ-ಆರ್. ಒಂದು ಬಗೆಯ ಸಾವು ಎರಡನ್ನೂ ಒಟ್ಟಿಗೆ ಹೊಡೆಯಬಾರದು.

## ಹಂತ 1: ಈಗಲೇ ಹಾಳಾಗಿದೆಯೇ ನೋಡಿ, ಆಮೇಲೆ ಭಾಗ ಮಾಡಿ

ಕಾಪಿಡುವ ಮೊದಲು ಫೋಟೊಗಳನ್ನು ದೊಡ್ಡದಾಗಿ ತೆರೆದು ಒಂದೊಂದಾಗಿ ಸರಿಸುತ್ತಾ ನೋಡಿ. ನಾನು ಇದನ್ನು ನಾಲ್ಕು ಸಂಜೆ ಕೂತು ಮಾಡಿದೆ. ಹಾಳಾದದ್ದು ಸಿಕ್ಕರೆ ಬೇರೆ ಕಡೆ ಅದರ ಪ್ರತಿ ಇದೆಯೇ ಹುಡುಕಿ. ಹಾಳಾದ ಫೈಲನ್ನು ಎಷ್ಟು ಭದ್ರವಾಗಿ ಇಟ್ಟರೂ ಅದು ಹಾಳಾದ ಫೈಲೇ.

ಆಮೇಲೆ ಡಿಸ್ಕ್‌ಗೆ ಹಿಡಿಸುವಷ್ಟು ಭಾಗ ಮಾಡಿ. 25 ಜಿಬಿ ಎಂದು ಬರೆದ ಬಿಡಿ-ಆರ್‌ನಲ್ಲಿ ವಿಂಡೋಸ್ ಲೆಕ್ಕದಲ್ಲಿ ಹಿಡಿಸುವುದು ಸುಮಾರು 23.3 ಜಿಬಿ. ಅಷ್ಟನ್ನೂ ತುಂಬಬೇಡಿ. ಡಿಸ್ಕ್‌ಗೆ ಬರೆಯುವುದು ಒಳಗಿನಿಂದ ಹೊರಕ್ಕೆ. ಕೈಯ ಬೆರಳು ತಾಗುವುದು, ಗೀಚು ಬೀಳುವುದು, ಬರೆಯುವಾಗ ತಪ್ಪು ಜಾಸ್ತಿ ಆಗುವುದು ಎಲ್ಲ ಹೊರ ಅಂಚಿನಲ್ಲಿ. ನಾನು ಒಂದೊಂದಕ್ಕೆ 21 ಜಿಬಿಯಂತೆ 62 ಜಿಬಿಯನ್ನು ಮೂರು ಫೋಲ್ಡರ್ ಮಾಡಿದೆ: `disc1`ರಲ್ಲಿ 2003ರಿಂದ 2011, `disc2`ರಲ್ಲಿ 2012ರಿಂದ 2016, `disc3`ರಲ್ಲಿ ಉಳಿದದ್ದು.

## ಹಂತ 2: ಬೆರಳಚ್ಚಿನ ಪಟ್ಟಿ ಮಾಡಿ

ಇಡೀ ಕೆಲಸದ ಬೆನ್ನೆಲುಬು ಇದು. ಪ್ರತಿ ಫೈಲ್‌ಗೂ ಒಂದು ಚೆಕ್‌ಸಮ್ ಲೆಕ್ಕ ಹಾಕಿ ಬರೆದಿಡಬೇಕು. ಅದು ಫೈಲ್‌ನ ಬೆರಳಚ್ಚು ಇದ್ದ ಹಾಗೆ. ಒಂದೇ ಒಂದು ಬಿಟ್ ಬದಲಾದರೂ ಬೆರಳಚ್ಚು ಪೂರ್ತಿ ಬೇರೆಯಾಗುತ್ತದೆ. ಲಿನಕ್ಸ್‌ನಲ್ಲಿ, ಅಥವಾ ವಿಂಡೋಸ್‌ನ ಒಳಗೇ ಲಿನಕ್ಸ್ ಓಡಿಸುವ `WSL`ನಲ್ಲಿ, `disc1` ಫೋಲ್ಡರ್‌ಗೆ ಹೋಗಿ ಹೀಗೆ ಕೊಡಿ:

```
find . -type f ! -name SHA256SUMS.txt -exec sha256sum {} + > SHA256SUMS.txt
```

ನಡುವಿನ `! -name` ಭಾಗವನ್ನು ಬಿಡಬೇಡಿ. ಬಿಟ್ಟರೆ ಪಟ್ಟಿ ಇನ್ನೂ ಬರೆಯುತ್ತಿರುವಾಗಲೇ ಅದರ ಬೆರಳಚ್ಚೂ ಪಟ್ಟಿಗೆ ಸೇರಿ, ಮುಂದೆ ಪ್ರತಿ ಸಲವೂ ತಪ್ಪು ತೋರಿಸುತ್ತದೆ. ಉಳಿದ ಎರಡು ಫೋಲ್ಡರ್‌ಗಳಿಗೂ ಹೀಗೆಯೇ ಮಾಡಿ. ಮುಂದೆ ಯಾವುದೇ ಪ್ರತಿಯನ್ನು ಪರೀಕ್ಷಿಸಲು ಆ ಫೋಲ್ಡರ್ ಒಳಗೆ ನಿಂತು ಇಷ್ಟು ಸಾಕು:

```
sha256sum -c --quiet SHA256SUMS.txt
```

ಎಲ್ಲ ಸರಿ ಇದ್ದರೆ ಏನನ್ನೂ ಹೇಳದೆ ಮುಗಿಯುತ್ತದೆ.

## ಹಂತ 3: ಹಾರ್ಡ್ ಡಿಸ್ಕ್‌ಗಳಿಗೆ ಹಾಕಿ

ಎರಡು ಡಿಸ್ಕ್‌ಗಳೂ ಒಂದೇ ಕಂಪನಿಯ, ಒಂದೇ ದಿನ ಕೊಂಡ ಜೋಡಿ ಆಗದಿರಲಿ. ಒಂದೇ ಬ್ಯಾಚ್‌ನಲ್ಲಿ ದೋಷ ಇದ್ದರೆ ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಹೋಗಬಹುದು. ಮೂರೂ ಫೋಲ್ಡರ್ ಕಾಪಿ ಮಾಡಿ, ಡಿಸ್ಕನ್ನು ಸರಿಯಾಗಿ ಹೊರತೆಗೆದು, ಮತ್ತೆ ಜೋಡಿಸಿ ಪರೀಕ್ಷಿಸಿ. ಹೊರತೆಗೆದು ಜೋಡಿಸುವುದು ಯಾಕೆಂದರೆ, ಈಗಷ್ಟೇ ಕಾಪಿ ಮಾಡಿದ ಫೈಲನ್ನು ಕಂಪ್ಯೂಟರ್ ತನ್ನ ನೆನಪಿನಿಂದಲೇ ಓದಿ ಸರಿ ಇದೆ ಎನ್ನಬಹುದು. ನಮಗೆ ಬೇಕಿರುವುದು ಡಿಸ್ಕ್‌ನಿಂದ ಬಂದ ಉತ್ತರ.

ಆಮೇಲೆ ಆಂಟಿ-ಸ್ಟ್ಯಾಟಿಕ್ ಚೀಲದಲ್ಲಿ ಒಂದು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿಡಿ. ಒಂದು ಡಿಸ್ಕ್ ಬೇರೆ ಮನೆಯಲ್ಲಿ ಇರಲಿ. ಬೆಂಕಿ, ನೀರು, ಕಳ್ಳತನಕ್ಕೆ ಎರಡೂ ಒಟ್ಟಿಗೆ ಸಿಗಬಾರದು.

## ಹಂತ 4: ಡಿಸ್ಕ್ ಬರೆಯಿರಿ

ಬರೆಯುವ ವೇಗ ಮಧ್ಯಮ ಇರಲಿ. 6 ಪಟ್ಟು ವೇಗದ ಡಿಸ್ಕ್ ಆದರೆ ನಾನು 4 ಪಟ್ಟು ವೇಗದಲ್ಲಿ ಬರೆಯುತ್ತೇನೆ. ಬರೆಯುವಾಗ ಕಂಪ್ಯೂಟರ್‌ನಲ್ಲಿ ಬೇರೆ ಭಾರದ ಕೆಲಸ ಬೇಡ. ಮುಗಿದ ಮೇಲೆ ಡಿಸ್ಕ್ ಹೊರತೆಗೆದು ಮತ್ತೆ ಹಾಕಿ, ಅದೇ ಪರೀಕ್ಷೆ ನಡೆಸಿ. ಸಾಧ್ಯವಾದರೆ ಇನ್ನೊಂದು ಡ್ರೈವ್‌ನಲ್ಲೂ ಮಾಡಿ. ತಾನು ಬರೆದದ್ದನ್ನು ತಾನು ಮಾತ್ರ ಓದಬಲ್ಲ ಡ್ರೈವ್‌ಗಳನ್ನು ನಾನು ನೋಡಿದ್ದೇನೆ.

ಇಲ್ಲಿ ಒಂದು ಚಿಕ್ಕ ಕೆಲಸ ಮಾಡಿ. ಪರೀಕ್ಷೆಗೆ ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಿ. ಕಮಾಂಡ್‌ನ ಮುಂದೆ `time` ಸೇರಿಸಿದರೆ ಅದೇ ಹೇಳುತ್ತದೆ. ನನ್ನ ಮೊದಲ ಡಿಸ್ಕ್‌ಗೆ 19 ನಿಮಿಷ ಹಿಡಿಯಿತು. ಡಿಸ್ಕ್ ಮುದಿಯಾಗುವಾಗ ಒಮ್ಮೆಲೇ ತಪ್ಪು ತೋರಿಸುವುದಿಲ್ಲ. ಮೊದಲು ಡ್ರೈವ್ ತಡವರಿಸುತ್ತದೆ. ಒಂದೇ ಜಾಗವನ್ನು ಮತ್ತೆ ಮತ್ತೆ ಓದುತ್ತದೆ, ತಿರುಗುವ ಸದ್ದು ಏರಿ ಇಳಿಯುತ್ತದೆ. ಅದೇ ಡ್ರೈವ್‌ನಲ್ಲಿ 19 ನಿಮಿಷದ ಕೆಲಸ ಮುಂದೊಂದು ದಿನ 40 ನಿಮಿಷ ಹಿಡಿದರೆ, ಎಲ್ಲ ಫೈಲ್ ಸರಿ ಇದ್ದರೂ ಹೊಸ ಡಿಸ್ಕ್ ಬರೆಯುವ ಹೊತ್ತಾಗಿದೆ.

ಡಿಸ್ಕ್ ಮೇಲೆ ಸ್ಟಿಕ್ಕರ್ ಅಂಟಿಸಬೇಡಿ. ನಡುವಿನ ಪಾರದರ್ಶಕ ಉಂಗುರದಲ್ಲಿ ಮಾರ್ಕರ್‌ನಿಂದ ಸಂಖ್ಯೆ ಬರೆದರೆ ಸಾಕು. ಹಳೆಯ ಸಿಡಿ ಇಟ್ಟುಕೊಂಡವರಿಗೆ ಒಂದು ಮಾತು: ಸಿಡಿಯಲ್ಲಿ ಡೇಟಾ ಪದರ ಇರುವುದು ಹೆಸರು ಬರೆಯುವ ಮೇಲ್ಭಾಗದ ಮೆರುಗಿನ ಕೆಳಗೇ. ಕೆಳಗಿನ ಹೊಳೆಯುವ ಭಾಗದ ಗೀಚನ್ನು ಉಜ್ಜಿ ಸರಿಮಾಡಬಹುದು, ಮೇಲ್ಭಾಗದ ಆಳವಾದ ಗೀಚು ಡೇಟಾವನ್ನೇ ಕಿತ್ತುಹಾಕುತ್ತದೆ. ಡಿವಿಡಿಯಲ್ಲಿ ಪದರ ನಡುಮಧ್ಯದಲ್ಲಿದೆ. ಬ್ಲೂ-ರೇಯಲ್ಲಿ ಕೆಳಭಾಗದಿಂದ ಬರೀ 0.1 ಮಿಲಿಮೀಟರ್ ಒಳಗೆ.

ಗಟ್ಟಿ ಡಬ್ಬಿಯಲ್ಲಿ ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಕತ್ತಲೆಯ, ತಂಪಾದ, ಒಣಗಿದ ಜಾಗದಲ್ಲಿಡಿ. ಒಂದು ಯುಎಸ್‌ಬಿ ಬ್ಲೂ-ರೇ ಡ್ರೈವ್ ಹೆಚ್ಚಿಗೆ ಕೊಂಡು ಅದೇ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.

## ಹಂತ 5: ವರ್ಷಕ್ಕೊಂದು ದಿನ

ನಾನು ಜನವರಿಯ ಒಂದು ಭಾನುವಾರ ಇಟ್ಟುಕೊಂಡಿದ್ದೇನೆ. ಎರಡೂ ಹಾರ್ಡ್ ಡಿಸ್ಕ್ ಓಡಿಸಿ ಪೂರ್ತಿ ಪರೀಕ್ಷೆ ಮಾಡುತ್ತೇನೆ. ಬಿಡಿ-ಆರ್‌ಗಳನ್ನು ವರ್ಷ ಬಿಟ್ಟು ವರ್ಷ. ಹಾರ್ಡ್ ಡಿಸ್ಕ್‌ನ ಆರೋಗ್ಯವನ್ನೂ ನೋಡುತ್ತೇನೆ. ವಿಂಡೋಸ್‌ನಲ್ಲಿ ಅದಕ್ಕೆ `CrystalDiskInfo` ಇದೆ. ಲಿನಕ್ಸ್‌ನಲ್ಲಿ ಹೀಗೆ (ಡಿಸ್ಕ್‌ನ ಹೆಸರು `sdb` ಹೌದೋ ಅಲ್ಲವೋ ಎಂದು `lsblk`ನಿಂದ ಮೊದಲು ನೋಡಿಕೊಳ್ಳಿ):

```
sudo smartctl -A /dev/sdb
```

ಪಟ್ಟಿ ಉದ್ದ ಇರುತ್ತದೆ. ನೀವು ನೋಡಬೇಕಾದದ್ದು ಮೂರು ಸಾಲು: `Reallocated_Sector_Ct`, `Current_Pending_Sector`, `Offline_Uncorrectable`. ಕೊನೆಯ ಕಾಲಂ `RAW_VALUE` ಮೂರಕ್ಕೂ ಸೊನ್ನೆ ಇರಬೇಕು.

2024ರ ಜನವರಿಯಲ್ಲಿ ನನ್ನ ಎರಡನೇ ಡಿಸ್ಕ್‌ನಲ್ಲಿ ಪರೀಕ್ಷೆ ಹೀಗೆ ಹೇಳಿತು:

```
sha256sum: ./2011/IMG_2387.JPG: Input/output error
./2011/IMG_2387.JPG: FAILED open or read
```

ಇಲ್ಲಿ ಎರಡು ಬಗೆಯ ತಪ್ಪನ್ನು ಬೇರೆ ಮಾಡಿ ನೋಡಬೇಕು. ಬರೀ `FAILED` ಎಂದರೆ ಫೈಲ್ ಓದಲು ಸಿಕ್ಕಿತು, ಆದರೆ ಒಳಗಿನದು ಬದಲಾಗಿದೆ. ಯಾರೋ ತಿದ್ದಿರಬಹುದು, ಕಾಪಿ ಮಾಡುವಾಗ ಕೆಟ್ಟಿರಬಹುದು, ಕೇಬಲ್ಲೋ ಮೆಮೊರಿಯೋ ಕಾರಣ ಇರಬಹುದು. `FAILED open or read` ಎಂದರೆ ಡಿಸ್ಕ್‌ಗೆ ಆ ಜಾಗವನ್ನು ಓದಲೇ ಆಗಲಿಲ್ಲ. ನನಗೆ ಬಂದದ್ದು ಎರಡನೆಯದು. ಆರೋಗ್ಯ ನೋಡಿದರೆ `Current_Pending_Sector` 8. ಎಂಟು ಜಾಗ ಕೆಟ್ಟಿದೆ ಅಂತ ಹೆದರಬೇಕಿರಲಿಲ್ಲ. ಈಗಿನ ಡಿಸ್ಕ್‌ಗಳಲ್ಲಿ ಒಂದು ನಿಜವಾದ ಸೆಕ್ಟರ್ 4096 ಬೈಟ್ ಇರುತ್ತದೆ, ಲೆಕ್ಕ ಮಾತ್ರ ಎಷ್ಟೋ ಸಲ ಹಳೆಯ 512ರದ್ದು. ಹಾಗಾಗಿ ಒಂದು ಸೆಕ್ಟರ್ ಕೆಟ್ಟರೆ 8 ಎಂದು ಕಾಣುತ್ತದೆ.

ಮೊದಲು ಮಾಡಿದ್ದು, ಉಳಿದ ಎರಡು ಪ್ರತಿಗಳಲ್ಲಿ ಆ ಫೈಲ್ ಸರಿ ಇದೆ ಎಂದು ಖಚಿತ ಮಾಡಿಕೊಂಡದ್ದು. ಎರಡರಲ್ಲೂ ಇತ್ತು. ಆಮೇಲೆ ಕೆಟ್ಟ ಡಿಸ್ಕನ್ನು ಪೂರ್ತಿ ಫಾರ್ಮ್ಯಾಟ್ ಮಾಡಿ, ಮೊದಲ ಡಿಸ್ಕ್‌ನಿಂದ ಎಲ್ಲವನ್ನೂ ಮತ್ತೆ ಹಾಕಿದೆ. ಪೂರ್ತಿ ಬರೆದಾಗ ಡಿಸ್ಕ್ ಆ ಕೆಟ್ಟ ಜಾಗವನ್ನು ಕೈಬಿಟ್ಟು ತನ್ನ ಮೀಸಲು ಜಾಗ ಬಳಸಿಕೊಂಡಿತು. `Pending` ಸೊನ್ನೆಗೆ ಇಳಿಯಿತು, `Reallocated` 8 ಆಯಿತು. ಅಲ್ಲಿಗೇ ನಿಂತಿದ್ದರೆ ಡಿಸ್ಕನ್ನು ಇನ್ನಷ್ಟು ಕಾಲ ಇಟ್ಟುಕೊಳ್ಳುತ್ತಿದ್ದೆ. ಎರಡು ತಿಂಗಳ ನಂತರ ನೋಡಿದರೆ 24. ಸಂಖ್ಯೆ ಏರುತ್ತಿದೆ ಎಂದರೆ ಡಿಸ್ಕ್ ಹೊರಡಲು ಸಿದ್ಧವಾಗಿದೆ ಎಂದೇ ಅರ್ಥ. ಹೊಸದು ತಂದೆ. ಒಂದು ಫೋಟೊ ಕೂಡ ಹೋಗಲಿಲ್ಲ.

ಒಂದು ಎಚ್ಚರಿಕೆ. ಎರಡು ಪ್ರತಿಗಳನ್ನು ತಾನಾಗಿಯೇ ಹೊಂದಿಸುವ ಸಿಂಕ್ ತಂತ್ರಾಂಶವನ್ನು ಈ ಡಿಸ್ಕ್‌ಗಳ ಮೇಲೆ ಓಡಿಸಬೇಡಿ. ಯಾವುದು ಒಳ್ಳೆಯದು ಎಂಬುದು ಅದಕ್ಕೆ ಗೊತ್ತಿಲ್ಲ. ಹಾಳಾದ ಫೈಲ್‌ನ ದಿನಾಂಕ ಹೊಸದಾಗಿದ್ದರೆ ಒಳ್ಳೆಯದರ ಮೇಲೆ ಅದನ್ನೇ ಬರೆದುಬಿಡುತ್ತದೆ. ಬೆರಳಚ್ಚಿನ ಪಟ್ಟಿ ಯಾವುದನ್ನು ಸರಿ ಅನ್ನುತ್ತದೋ ಅದನ್ನು ಮಾತ್ರ ನಂಬಿ.

## ಹಂತ 6: ಬದಲಾಯಿಸುವ ವರ್ಷ, ಪೆಟ್ಟಿಗೆಯ ಚೀಟಿ

ಏನೂ ತೊಂದರೆ ಇಲ್ಲದಿದ್ದರೂ ಹಾರ್ಡ್ ಡಿಸ್ಕ್‌ಗಳನ್ನು ಐದಾರು ವರ್ಷಕ್ಕೆ ಬದಲಾಯಿಸಿ. ಎರಡನ್ನೂ ಒಂದೇ ವರ್ಷ ಬೇಡ. 20 ವರ್ಷದಲ್ಲಿ ಒಂದೊಂದಕ್ಕೆ ಮೂರು ಸಲ ಬದಲಾವಣೆ ಬರುತ್ತದೆ. ಬಿಡಿ-ಆರ್‌ಗಳಿಗೆ ಹತ್ತು ವರ್ಷ ಆದಾಗ ಒಮ್ಮೆ ಕೂತು ಯೋಚಿಸಿ: ಓದುವ ಡ್ರೈವ್ ಇನ್ನೂ ಕೊಳ್ಳಲು ಸಿಗುತ್ತದೆಯೇ? ಇಲ್ಲ ಎಂದಾದರೆ, ಇರುವ ಡ್ರೈವ್ ಕೆಡುವ ಮೊದಲೇ ಆಗ ಚಾಲ್ತಿಯಲ್ಲಿರುವ ಬೇರೆ ಮಾಧ್ಯಮಕ್ಕೆ ಎಲ್ಲವನ್ನೂ ಸಾಗಿಸಿ.

ಕೊನೆಯದು ಒಂದು ಕಾಗದದ ಚೀಟಿ. ನನ್ನ ಪೆಟ್ಟಿಗೆಯಲ್ಲಿ ಇರುವುದು ಹೀಗಿದೆ: "ಇದರಲ್ಲಿ 2003ರಿಂದ 2020ರವರೆಗಿನ ಮನೆಯ ಫೋಟೊಗಳಿವೆ. ಮೂರು ಬ್ಲೂ-ರೇ ಡಿಸ್ಕ್, ಒಂದು ಹಾರ್ಡ್ ಡಿಸ್ಕ್. ಇನ್ನೊಂದು ಹಾರ್ಡ್ ಡಿಸ್ಕ್ ಅಕ್ಕನ ಮನೆಯಲ್ಲಿದೆ. ಪಾಸ್‌ವರ್ಡ್ ಇಲ್ಲ. ಪ್ರತಿ ಫೋಲ್ಡರ್‌ನಲ್ಲಿ `SHA256SUMS.txt` ಇದೆ, ಅದನ್ನು ಅಳಿಸಬೇಡಿ, ಪರೀಕ್ಷಿಸುವ ಕಮಾಂಡ್ ಹಿಂದುಗಡೆ ಬರೆದಿದೆ." ಚೀಟಿಯ ಹಿಂದುಗಡೆ ಕಮಾಂಡ್‌ನ ಕೆಳಗೆ ಪ್ರತಿ ಜನವರಿಯ ದಿನಾಂಕ, ಡಿಸ್ಕ್ ಓದಲು ಹಿಡಿದ ನಿಮಿಷ, ಆ ಮೂರು ಸಂಖ್ಯೆಗಳು ಸಾಲಾಗಿ ಸೇರುತ್ತಾ ಹೋಗುತ್ತವೆ.